ಕುಡಿಯುತ್ತಾಳೆ, ಕುಡಿಯುತ್ತಿದ್ದಳು

ಡುಲೂತ್ ಊರಿನ ಗುಡ್ಡದ ಮೇಲಿನ ಹೈಸ್ಕೂಲಿನಲ್ಲಿ ಮಾರ್ಲಿಸ್ ಹೌತಲಳಿಗೆ ಮಕ್ಕಳು ಇಟ್ಟಿದ್ದ ಹೆಸರು ‘ಮಿಸೆಸ್ ಈಗ’. ಬೆನ್ನ ಹಿಂದೆ ಕರೆಯುತ್ತಿದ್ದರು, ಆದರೆ ಅವಳಿಗೆ ಕೇಳಿಸುವ ಹಾಗೆಯೇ ಕರೆಯುತ್ತಿದ್ದರು. ಅವಳಿಗೂ ಅದು ಒಳಗೊಳಗೇ ಇಷ್ಟವಾಗಿತ್ತು. ಅದಕ್ಕೂ ಮುಂಚೆ ಇಪ್ಪತ್ತೆರಡು ವರ್ಷ ಹಾಜರಿ ಕಿಟಕಿಯ ಹಿಂದೆ ಕೂತು, ತಡವಾಗಿ ಬಂದವರಿಗೆ ಚೀಟಿ ಬರೆದುಕೊಟ್ಟವಳಿಗೆ ಅಲ್ಲಿ ಯಾರೂ ಒಂದು ಅಡ್ಡಹೆಸರನ್ನೂ ಇಟ್ಟಿರಲಿಲ್ಲ.

ಶಾಲೆಯ ಕಾಲೇಜು ಕೋಣೆ, ಅಂದರೆ ಮಕ್ಕಳ ಕಾಲೇಜು ಅರ್ಜಿ ನೋಡಿಕೊಳ್ಳುವ ಜಾಗ, ಅವಳ ಪಾಲಿಗೆ ಬಂದದ್ದು ಒಂದು ಆಕಸ್ಮಿಕ. ಅದನ್ನು ನೋಡಿಕೊಳ್ಳುತ್ತಿದ್ದ ಹೆಂಗಸು ನಿವೃತ್ತಳಾದಳು, ಆ ಸಂಬಳಕ್ಕೆ ಬೇರೆ ಯಾರೂ ಬರಲಿಲ್ಲ, ಮಾರ್ಲಿಸ್ ಬಂದಳು. ಓದಿದ್ದು ಎರಡು ವರ್ಷದ ಗುಮಾಸ್ತೆ ಕೋರ್ಸು. ತಾನು ಮೆಟ್ಟಿಲು ಹತ್ತದ ಕಾಲೇಜುಗಳಿಗೆ ಊರಿನ ಮಕ್ಕಳನ್ನು ಕಳಿಸುವ ಕೆಲಸ ಅವಳದು. ಅರ್ಜಿಯ ಜೊತೆ ಪ್ರತಿಯೊಬ್ಬರೂ ತಮ್ಮ ಬಗ್ಗೆ ಒಂದು ಪ್ರಬಂಧ ಬರೆಯಬೇಕು. ಆರುನೂರೈವತ್ತು ಪದ, ಒಂದು ಪದ ಜಾಸ್ತಿಯಾದರೂ ಕಂಪ್ಯೂಟರು ತೆಗೆದುಕೊಳ್ಳುವುದಿಲ್ಲ. ಆ ಕಡೆ ಓದುವವರು ಒಬ್ಬೊಬ್ಬರಿಗೆ ಕೊಡುವುದು ಕೆಲವೇ ನಿಮಿಷ.

ಮೊದಲ ವರ್ಷ ಅವಳಿಗೆ ದಿಕ್ಕೇ ತೋಚಿರಲಿಲ್ಲ. ಮಕ್ಕಳು ಬರೆದದ್ದನ್ನು ಓದಿ ‘ಚೆನ್ನಾಗಿದೆ ಮರಿ’ ಎನ್ನುವುದು, ಅಲ್ಪವಿರಾಮ ಹಾಕುವುದು, ಇಷ್ಟೇ. ಆಮೇಲೆ ಸೇಂಟ್ ಪಾಲ್‌ನಲ್ಲಿ ಒಂದು ದಿನದ ತರಬೇತಿಗೆ ಹೋದಳು. ಅಲ್ಲಿ ಒಬ್ಬ ಚುರುಕು ಮನುಷ್ಯ ಹೇಳಿದ್ದು ಅವಳಿಗೆ ವೇದವಾಯಿತು: ಪ್ರಬಂಧವನ್ನು ಘಟನೆಯ ನಡುವಿನಿಂದ ಶುರುಮಾಡಿ, ವರ್ತಮಾನಕಾಲದಲ್ಲಿ ಬರೆಯಿರಿ. ‘ನಾನು ನಿಂತಿದ್ದೆ’ ಅಂದರೆ ಓದುವವನು ದೂರದಲ್ಲಿರುತ್ತಾನೆ, ‘ನಾನು ನಿಂತಿದ್ದೇನೆ’ ಅಂದರೆ ಪಕ್ಕಕ್ಕೆ ಬಂದು ನಿಲ್ಲುತ್ತಾನೆ. ಮಾರ್ಲಿಸ್ ಅದನ್ನು ಒಂದು ಕಾರ್ಡಿನ ಮೇಲೆ ಬರೆದುಕೊಂಡು ಬಂದು ಗೋಡೆಗೆ ಅಂಟಿಸಿದಳು. ಆ ವರ್ಷ ಅವಳು ತಿದ್ದಿಸಿದ ಮೂವರಿಗೆ ಒಳ್ಳೆಯ ಕಾಲೇಜುಗಳಲ್ಲಿ ಸೀಟು ಸಿಕ್ಕಿತು. ಕಾಲದಿಂದಲೇ ಸಿಕ್ಕಿತೋ ಅಂಕಗಳಿಂದ ಸಿಕ್ಕಿತೋ, ಕೇಳುವವರಿರಲಿಲ್ಲ. ಅಂದಿನಿಂದ ಅವಳ ಕೋಣೆ ದಾಟಿ ಹೋದ ಯಾವ ಹುಡುಗಿಯೂ ಅಜ್ಜಿಯ ಜೊತೆ ರೊಟ್ಟಿ ಬೇಯಿಸಿರಲಿಲ್ಲ, ಬೇಯಿಸುತ್ತಿದ್ದಾಳೆ. ಯಾವ ಹುಡುಗನೂ ಕೊನೆಯ ಗೋಲು ತಪ್ಪಿಸಿರಲಿಲ್ಲ, ಇನ್ನೂ ತಪ್ಪಿಸುತ್ತಲೇ ಇದ್ದಾನೆ.

ತಮಾಷೆ ಮಾಡುವುದು ಸುಲಭ. ಆದರೆ ಅವಳಿಗೆ ಗೊತ್ತಿದ್ದದ್ದು ಅದೊಂದೇ. ಇಂಗ್ಲಿಷ್ ಮೇಷ್ಟ್ರುಗಳ ನಡುವೆ ಕಾಫಿ ಕುಡಿಯುವಾಗ ಅವಳ ಕೈಯಲ್ಲಿ ಆ ಒಂದು ನಿಯಮವಿರುತ್ತಿತ್ತು. ಅದಿಲ್ಲದಿದ್ದರೆ ಅವಳು ಮತ್ತೆ ಚೀಟಿ ಬರೆಯುವ ಮಾರ್ಲಿಸ್.

ಹಿಂದಿನ ವರ್ಷ ಪ್ರಿನ್ಸಿಪಾಲ್ ವಿಲೆಟ್ ಒಂದು ಹೊಸ ನಿಯಮ ತಂದಿದ್ದಳು. ದೊಡ್ಡವರು ಯಾರೂ ಮಕ್ಕಳ ಪ್ರಬಂಧಕ್ಕೆ ಕೈ ಹಚ್ಚಬಾರದು. ಅಂಚಿನಲ್ಲಿ ಸಲಹೆ ಬರೆಯಬಹುದು, ತಿದ್ದುವುದು ಮಕ್ಕಳೇ. ಮಾರ್ಲಿಸ್ ಸಹಿ ಹಾಕಿದ್ದಳು. ಸಹಿ ಹಾಕಿದ್ದು ನಿಜ, ಪಾಲಿಸಿದ್ದು ಅರ್ಧ. ಮಕ್ಕಳು ನಿಧಾನ, ಕೊನೆಯ ದಿನಾಂಕ ಹತ್ತಿರ, ಅವಳ ಬೆರಳು ಚುರುಕು.

ಟೆಸ್ಸಾ ಮಾಟಿಚ್ ಬಂದದ್ದು ಅಕ್ಟೋಬರ್ ಎರಡನೇ ವಾರದಲ್ಲಿ. ಹನ್ನೆರಡನೇ ತರಗತಿ, ಎತ್ತರದ ಹುಡುಗಿ, ಮಾತು ಕಡಿಮೆ. ನರ್ಸಿಂಗ್ ಓದಬೇಕೆಂದು ಒಂದೇ ಕಾಲೇಜನ್ನು ಹಿಡಿದು ಕೂತಿದ್ದಳು. ಅಲ್ಲಿಗೆ ನವೆಂಬರ್ ಒಂದರೊಳಗೆ ಅರ್ಜಿ ಹೋಗಬೇಕು. ಅವಳು ಬರೆದದ್ದನ್ನು ಮಾರ್ಲಿಸ್ ತೆರೆದು ಓದಿದಳು.

‘ನಾನು ಎಂಟನೇ ತರಗತಿಯಲ್ಲಿದ್ದಾಗ ನನ್ನ ಅಮ್ಮ ಕುಡಿಯುತ್ತಿದ್ದಳು. ಕುಡಿದ ದಿನ ಕಾರಿನ ಕೀಲಿಯನ್ನು ಬಚ್ಚಿಡುವುದು ನನ್ನ ಕೆಲಸವಾಗಿತ್ತು’ ಎಂದು ಪ್ರಬಂಧ ಶುರುವಾಗುತ್ತಿತ್ತು. ನವೆಂಬರಿನ ಒಂದು ಮಧ್ಯಾಹ್ನ, ಕಿರಾಣಿ ಅಂಗಡಿಯ ಮುಂದಿನ ಕಾರು ನಿಲ್ಲಿಸುವ ಜಾಗ. ಅಮ್ಮ ಸ್ಟೀರಿಂಗ್ ಮೇಲೆ ತಲೆಯಿಟ್ಟು ನಿದ್ದೆ ಹೋಗಿದ್ದಳು. ಟೆಸ್ಸಾ ಕೀಲಿ ಕಿತ್ತುಕೊಂಡು ಬೂಟಿನೊಳಗೆ ಹಾಕಿಕೊಂಡಳು. ಪುಟ್ಟ ತಂಗಿ ಬೆಕ್ಕಾಳ ಕೈ ಹಿಡಿದು ಹಿಮದಲ್ಲಿ ಮೂರು ಮೈಲಿ ನಡೆದು ಮನೆಗೆ ಹೋದಳು. ಕೊನೆಯಲ್ಲಿ ಒಂದು ಪ್ಯಾರಾ: ಅಮ್ಮ ಕುಡಿತ ಬಿಟ್ಟು ಮೂರೂವರೆ ವರ್ಷವಾಯಿತು, ಈಗ ಅವಳು ವೃದ್ಧರ ಆರೈಕೆ ಮನೆಯ ಅಡುಗೆಮನೆಯಲ್ಲಿ ಕೆಲಸ ಮಾಡುತ್ತಾಳೆ.

“ಕಣ್ಣು ತುಂಬಿ ಬಂತು ಕಣೇ,” ಎಂದಳು ಮಾರ್ಲಿಸ್. ಸುಳ್ಳಲ್ಲ, ಬಂದಿತ್ತು. “ಆದ್ರೆ ನೋಡು, ಕೀಲಿ ಕಿತ್ಕೊಳ್ಳೋ ಜಾಗದಲ್ಲಿ ನಾನು ನಿನ್ ಜೊತೆ ಇರ್ಬೇಕು. ‘ಕಿತ್ಕೊಂಡೆ’ ಅಂದ್ರೆ ಮುಗ್ದೇ ಹೋಯ್ತಲ್ಲ. ‘ಕಿತ್ಕೊಳ್ತೀನಿ’ ಅನ್ನು.”

“ಮುಗ್ದು ಹೋಗಿದೆ ಮಿಸೆಸ್ ಹೌತಲ,” ಎಂದಳು ಟೆಸ್ಸಾ.

“ಅದು ನಂಗೊತ್ತು, ನಿಂಗೊತ್ತು. ಓದೋರಿಗೆ ಬಿಸಿ ತಾಗ್ಬೇಕಲ್ವಾ?”

ಹುಡುಗಿ ತುಟಿ ಕಚ್ಚಿಕೊಂಡಳು. “ಅಮ್ಮಂಗೆ ಬೇಜಾರಾಗಲ್ವಾ ಅಂತ.”

“ಅಮ್ಮ ಓದಲ್ಲ, ಕಾಲೇಜಿನೋರು ಓದ್ತಾರೆ. ನೀನು ಆಟದ ಪ್ರಾಕ್ಟೀಸಿಗೆ ಹೋಗು. ನಾನು ಸ್ವಲ್ಪ ನೋಡಿರ್ತೀನಿ.”

ಆ ದಿನ ಮಧ್ಯಾಹ್ನ ಮಾರ್ಲಿಸ್ ಬಾಗಿಲು ಮುಂದೆ ಮಾಡಿಕೊಂಡು ಕೂತು, ಒಂದೊಂದಾಗಿ ಕ್ರಿಯಾಪದಗಳನ್ನು ತಿರುಗಿಸಿದಳು. ಇಂಗ್ಲಿಷಿನಲ್ಲಿ ಕೆಲವು ಕಡೆ ಒಂದು ಅಕ್ಷರ ಬದಲಾದರೆ ಸಾಕು, ಕೂತವಳು ಕೂರುತ್ತಾಳೆ. ನಿದ್ದೆ ಹೋಗಿದ್ದಾಳೆ, ಕಿತ್ತುಕೊಳ್ಳುತ್ತೇನೆ, ನಡೆಯುತ್ತೇವೆ. ಘಟನೆ ನಿಜಕ್ಕೂ ಚುರುಕಾಯಿತು. ಅಲ್ಲಿಗೇ ನಿಲ್ಲಿಸಿದ್ದರೆ ಅಷ್ಟು ಕೆಡುತ್ತಿರಲಿಲ್ಲ. ಆದರೆ ಘಟನೆಗೆ ಮುಂಚಿನ ಆ ಎರಡು ವಾಕ್ಯಗಳು ಹಳೆಯ ಕಾಲದಲ್ಲೇ ಉಳಿದು ಹೊಂದಿಕೆಯಾಗದೆ ಕಂಡವು. ‘ಎಂಟನೇ ತರಗತಿಯಲ್ಲಿದ್ದಾಗ’ ಎನ್ನುವುದನ್ನು ಅಳಿಸಿದಳು. ‘ನನ್ನ ಅಮ್ಮ ಕುಡಿಯುತ್ತಾಳೆ. ಕುಡಿದ ದಿನ ಕಾರಿನ ಕೀಲಿಯನ್ನು ಬಚ್ಚಿಡುವುದು ನನ್ನ ಕೆಲಸ’ ಎಂದು ಮಾಡಿದಳು. ಓದಿ ನೋಡಿದಳು. ಮೈ ಜುಮ್ಮೆಂದಿತು. ಇಷ್ಟಾದ ಮೇಲೂ ಪದಗಳ ಲೆಕ್ಕ ಆರುನೂರೈವತ್ತಕ್ಕಿಂತ ಜಾಸ್ತಿಯೇ ಇತ್ತು. ಕೊನೆಯ ಪ್ಯಾರಾ ಬಿಸಿಯನ್ನು ಆರಿಸುತ್ತಿದೆ ಅನ್ನಿಸಿತು. ಅದನ್ನೂ ತೆಗೆದಳು.

ಟೆಸ್ಸಾಳ ಅಮ್ಮ ರೋಂಡಾ ಮಾಟಿಚ್ ಅವಳಿಗೆ ಗೊತ್ತಿತ್ತು. ಇದೇ ಶಾಲೆಯಲ್ಲಿ ಓದಿದವಳು, ಹಾಜರಿ ಕಿಟಕಿಗೆ ವಾರಕ್ಕೆ ಮೂರು ಸಲ ಬರುತ್ತಿದ್ದವಳು. ಊರಿನಲ್ಲಿ ಅವಳ ಬಗ್ಗೆ ಆಡಿಕೊಂಡದ್ದೆಲ್ಲ ಮಾರ್ಲಿಸಳ ಕಿವಿಗೂ ಬಿದ್ದಿತ್ತು. ಆ ಕೊನೆಯ ಪ್ಯಾರಾ ಓದಿದಾಗ ಮನಸ್ಸಿನ ಒಂದು ಮೂಲೆಯಲ್ಲಿ ‘ಹೂಂ, ಮಗಳು ಹಾಗೆ ಅನ್ನಲೇಬೇಕಲ್ಲ’ ಎಂಬ ಮಾತು ಹಾದುಹೋದದ್ದು ಅವಳಿಗೆ ಆಗ ಗಮನಕ್ಕೂ ಬರಲಿಲ್ಲ. ಆಮೇಲೆ ಬಂತು. ಆಮೇಲೆ ಅದೊಂದೇ ನೆನಪಾಗುತ್ತಿತ್ತು.

ಮರುದಿನ ಟೆಸ್ಸಾ ಓದಿದಳು. “ಇದು ಈಗ ನಡೀತಿರೋ ಥರ ಇದೆ,” ಎಂದಳು.

“ಹಾಗೇ ಇರ್ಬೇಕು!” ಎಂದು ಮಾರ್ಲಿಸ್ ಕೈ ತಟ್ಟಿದಳು. ಹದಿನೇಳರ ಹುಡುಗಿ, ಎದುರಿಗೆ ದೊಡ್ಡವರು, ನವೆಂಬರ್ ಒಂದಕ್ಕೆ ಎರಡೇ ವಾರ. ಅವಳು ಚೀಲ ಎತ್ತಿಕೊಂಡು ತರಗತಿಗೆ ಹೋದಳು.

ಟೆಸ್ಸಾಳಿಗೆ ಶಿಫಾರಸು ಪತ್ರ ಬರೆಯಬೇಕಾದವನು ಇಂಗ್ಲಿಷ್ ಮೇಷ್ಟ್ರು ಗ್ರೆಗ್ ಥೋರ್ಸನ್. ಆ ವರ್ಷವೇ ಬೇರೆ ಊರಿನಿಂದ ಬಂದವನು, ಊರಿನ ಹಳೆಯ ಸುದ್ದಿ ಗೊತ್ತಿಲ್ಲದವನು. ಪತ್ರ ಬರೆಯುವ ಮುಂಚೆ ಪ್ರಬಂಧ ಓದಬೇಕೆಂದು ಕೇಳಿದ, ಮಾರ್ಲಿಸ್ ಹೆಮ್ಮೆಯಿಂದ ಕಳಿಸಿದಳು. ಅವನು ಓದಿದ. ನನ್ನ ಅಮ್ಮ ಕುಡಿಯುತ್ತಾಳೆ. ಪುಟ್ಟ ತಂಗಿ, ಕಾರು, ಕೀಲಿ, ಹಿಮ. ಶಾಲೆಯಲ್ಲಿ ಕೆಲಸ ಮಾಡುವವರಿಗೆ ಒಂದು ಮಗು ಮನೆಯಲ್ಲಿ ಅಪಾಯದಲ್ಲಿದೆ, ಅಥವಾ ಹಿಂದಿನ ಮೂರು ವರ್ಷದೊಳಗೆ ಇತ್ತು ಎಂದು ನಂಬಲು ಕಾರಣ ಸಿಕ್ಕರೆ, ಇಪ್ಪತ್ತನಾಲ್ಕು ಗಂಟೆಯೊಳಗೆ ಕೌಂಟಿಗೆ, ಅಂದರೆ ಜಿಲ್ಲೆಯ ಮಕ್ಕಳ ರಕ್ಷಣೆಯ ಕಚೇರಿಗೆ, ತಿಳಿಸಲೇಬೇಕು ಎಂದು ಈ ರಾಜ್ಯದ ಕಾನೂನು. ತಿಳಿಸದಿದ್ದರೆ ಅದೇ ಅಪರಾಧ. ಥೋರ್ಸನ್ ಫೋನೆತ್ತಿದ. ಅವನದು ಎಳ್ಳಷ್ಟೂ ತಪ್ಪಿಲ್ಲ. ‘ಎಂಟನೇ ತರಗತಿಯಲ್ಲಿದ್ದಾಗ’ ಎಂಬ ಮಾತು ಹಾಗೇ ಇದ್ದಿದ್ದರೆ ಘಟನೆಗೆ ನಾಲ್ಕು ವರ್ಷ ತುಂಬಲಿದೆ ಎಂದು ತಿಳಿಯುತ್ತಿತ್ತು. ಫೋನು ಮೇಜಿನ ಮೇಲೇ ಇರುತ್ತಿತ್ತು.

ಕೌಂಟಿಯಿಂದ ಒಬ್ಬ ಹೆಂಗಸು ರೋಂಡಾಳ ಮನೆಗೆ ಹೋದಳು. ಅಡುಗೆಮನೆಯ ಕಪಾಟು ತೆರೆದು ತೋರಿಸಬೇಕಾಯಿತು. ಬೆಕ್ಕಾಳನ್ನು ಅವಳ ಶಾಲೆಯಲ್ಲೇ ತರಗತಿಯಿಂದ ಹೊರಗೆ ಕರೆದು, ಒಬ್ಬಳನ್ನೇ ಕೂರಿಸಿಕೊಂಡು ಪ್ರಶ್ನೆ ಕೇಳಿದರು. ಆ ಹೆಂಗಸು ಒರಟಾಗಿ ನಡೆದುಕೊಳ್ಳಲಿಲ್ಲ, ಅವಳ ಕೆಲಸ ಅವಳು ಮಾಡಿದಳು. ಇದೆಲ್ಲ ಹಳೆಯದು ಎಂದು ಟೆಸ್ಸಾ ಹೇಳಿದಳು. ಆದರೆ ತಾಯಿಯನ್ನು ಕಾಪಾಡಲು ಮಕ್ಕಳು ಹಾಗೆ ಹೇಳುವುದು ಉಂಟು, ಕಾಗದದ ಮೇಲೆ ಬೇರೆ ಇತ್ತು. ಪೂರ್ತಿ ವಿಚಾರಿಸಿ ಮುಗಿಸಲು ನಲವತ್ತೈದು ದಿನದವರೆಗೂ ಆಗಬಹುದು ಎಂದು ಕೌಂಟಿಯ ಹೆಂಗಸು ಹೇಳಿ ಹೋದಳು.

ಮೂರನೆಯ ದಿನ ಪ್ರಿನ್ಸಿಪಾಲರ ಕೋಣೆಯಲ್ಲಿ ಸಭೆ. ವಿಲೆಟ್, ಥೋರ್ಸನ್, ಟೆಸ್ಸಾ, ಮಾರ್ಲಿಸ್. ಕೂತ ತಕ್ಷಣ ಥೋರ್ಸನ್ ಹುಡುಗಿಯ ಕಡೆ ತಿರುಗಿದ. “ಕೌಂಟಿಗೆ ಹೇಳಿದ್ದು ನಾನು, ಟೆಸ್ಸಾ. ನೀನು ಬೇರೆ ಯಾರ ಮೇಲೋ ಅನುಮಾನ ಪಡೋದು ಬೇಡ.” ಅವನು ಹೇಳಬೇಕಾಗಿರಲಿಲ್ಲ. ತಿಳಿಸಿದವರ ಹೆಸರನ್ನು ಯಾರೂ ಕೇಳುವಂತಿಲ್ಲ. ಹೇಳಿದ.

ಈಗ ತನ್ನ ಸರದಿ ಎಂದು ಮಾರ್ಲಿಸಳಿಗೆ ಗೊತ್ತಾಯಿತು.

“ಒಂದು ಅರ್ಥ ಆಗ್ತಿಲ್ಲ,” ಎಂದಳು ವಿಲೆಟ್. “ನಾಲ್ಕು ವರ್ಷದ ಹಿಂದಿಂದು ಅಂತ ಹೇಳ್ತಿದೀಯ. ಮತ್ತೆ ಈಗ ನಡೀತಿರೋ ಹಾಗೆ ಯಾಕಮ್ಮ ಬರ್ದೆ?”

ಟೆಸ್ಸಾ ಮಾರ್ಲಿಸಳ ಕಡೆ ನೋಡಿದಳು. ಆ ನೋಟದಲ್ಲಿ ದೂರು ಇರಲಿಲ್ಲ. ಹೇಳುತ್ತೀರಲ್ಲ ಎಂಬ ನಂಬಿಕೆ ಇತ್ತು.

ಮಾರ್ಲಿಸ್ ಕಣ್ಣು ತಪ್ಪಿಸಿ ವಿಲೆಟ್ ಕಡೆ ತಿರುಗಿದಳು. “ಸಾಮಾನ್ಯವಾಗಿ… ಮಕ್ಕಳು ಘಟನೆ ಬರೀವಾಗ ವರ್ತಮಾನಕಾಲ ಆರಿಸ್ಕೊಳ್ತಾರೆ. ಅದು ವಾಡಿಕೆ. ಓದೋರಿಗೆ ಹತ್ತಿರ ಆಗುತ್ತೆ ಅಂತ.”

ಒಂದೊಂದು ಮಾತೂ ಸತ್ಯ. ಸೇರಿಸಿದರೆ ಶುದ್ಧ ಸುಳ್ಳು.

“ಹಂಗಾದ್ರೆ ಇದು ನಿಂದೇ ಆಯ್ಕೆನಾ, ಟೆಸ್ಸಾ?” ವಿಲೆಟ್ ಕೇಳಿದಳು.

ಹುಡುಗಿ ಮಾರ್ಲಿಸಳ ಮುಖದಿಂದ ಕಣ್ಣು ತೆಗೆದು ಮೇಜನ್ನು ನೋಡಿದಳು. “ಹೂಂ. ಹಂಗೆ ಕೇಳೋಕೆ ಚೆನ್ನಾಗಿತ್ತು, ಅದಕ್ಕೇ.”

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು ಮಾರ್ಲಿಸಳಿಗೆ. ಬಿಡಲಿಲ್ಲ. ಅವಳೂ ಬಾಯಿ ಬಿಡಲಿಲ್ಲ. ಐವತ್ತೆಂಟು ವಯಸ್ಸಿನ ಹೆಂಗಸು, ಸಹಿ ಹಾಕಿದ ಕಾಗದಕ್ಕೆ ಹೆದರಿ, ಹದಿನೇಳರ ಹುಡುಗಿಯ ಹಿಂದೆ ಅವಿತುಕೊಂಡಳು. ಸಭೆ ಹತ್ತು ನಿಮಿಷದಲ್ಲಿ ಮುಗಿಯಿತು. ಕಾರಿಡಾರಿನಲ್ಲಿ ಟೆಸ್ಸಾ ಅವಳನ್ನು ದಾಟಿ ಹೋದಳು, ಗೋಡೆಯ ಪಕ್ಕ ದಾಟಿ ಹೋದ ಹಾಗೆ.

ಮನೆಯಲ್ಲಿ ಗಂಡ ರೇ ಮೊಣಕಾಲಿಗೆ ಐಸ್ ಇಟ್ಟುಕೊಂಡು ಕೂತಿದ್ದ. ಅದಿರಿನ ಹಡಗುಕಟ್ಟೆಯಲ್ಲಿ ದುಡಿದು ಮೊಣಕಾಲು ಹಾಳುಮಾಡಿಕೊಂಡವನು. ಎಲ್ಲ ಕೇಳಿದ.

“ಅಂದ್ರೆ ಆ ಮಗು ಮೈ ಮೇಲೆ ಹಾಕಿ ಬಂದೆ.”

“ಹಾಕ್ಲಿಲ್ಲ ರೇ. ಅವಳೇ ತಗೊಂಡ್ಳು.”

“ಕೊಟ್ಟೋರ್ಯಾರು?” ಎಂದು ಅವನು ಐಸನ್ನು ಇನ್ನೊಂದು ಮೊಣಕಾಲಿಗೆ ಬದಲಾಯಿಸಿದ. ಆಮೇಲೆ ಆ ವಿಷಯ ಎತ್ತಲೇ ಇಲ್ಲ. ಬೈದಿದ್ದರೆ ಅವಳಿಗೆ ಹಗುರವಾಗುತ್ತಿತ್ತು.

ಶನಿವಾರ ಬೆಳಿಗ್ಗೆ ಮಾರ್ಲಿಸ್ ಓಟ್ಸ್ ಮತ್ತು ಚಾಕೊಲೇಟಿನ ಬಾರ್ ಒಂದು ದೊಡ್ಡ ತಟ್ಟೆ ಬೇಯಿಸಿದಳು. ಈ ಊರಿನಲ್ಲಿ ಯಾರ ಮನೆಯ ಬಾಗಿಲಿಗೆ ಹೋಗುವುದಕ್ಕೂ ಕೈಯಲ್ಲಿ ಅದೊಂದು ಬೇಕು, ಬಾಣಂತನವಾದರೂ ಸರಿ, ಸಾವಾದರೂ ಸರಿ. ಮೇಲೆ ಹಾಳೆ ಮುಚ್ಚಿ, ವೃದ್ಧರ ಆರೈಕೆ ಮನೆಯ ಹಿಂಬಾಗಿಲಿಗೆ ಹೋದಳು. ಅಡುಗೆಯವರು ವಿರಾಮಕ್ಕೆ ಹೊರಗೆ ಬರುವುದು ಅಲ್ಲಿಗೇ. ರೋಂಡಾ ತಲೆಗೆ ಬಲೆ ಕಟ್ಟಿಕೊಂಡೇ ಬಂದಳು, ಮಗಳ ಹಾಗೆಯೇ ಎತ್ತರ. ಮುಖ ಮಾರ್ಲಿಸಳಿಗೆ ನೆನಪಿದ್ದದ್ದಕ್ಕಿಂತ ಸ್ವಚ್ಛವಾಗಿತ್ತು.

“ಬಾರ್ ತಂದ್ರಾ,” ಎಂದಳು ರೋಂಡಾ ತಟ್ಟೆ ನೋಡಿ. “ಯಾರಾದ್ರೂ ಸತ್ರಾ ನಮ್ಮನೇಲಿ?”

“ರೋಂಡಾ, ಕೂತ್ಕೊಂಡು ಮಾತಾಡೋಣ.”

“ಹನ್ನೆರಡು ನಿಮಿಷ ಇದೆ. ನಿಂತೇ ಹೇಳಿ.”

ಮಾರ್ಲಿಸ್ ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದಳು. “ಟೆಸ್ಸಾ ಪ್ರಬಂಧದ ವಿಷಯ. ಏನಾಗುತ್ತೆ ಅಂದ್ರೆ, ನಾವು ಮಕ್ಕಳಿಗೆ ಘಟನೆ ಬರೀವಾಗ ವರ್ತಮಾನಕಾಲ ಇಟ್ಕೊಳ್ಳಿ ಅಂತ ಹೇಳ್ತೀವಿ. ಕೆಲವು ಸಲ ಅದ್ರಿಂದ ತಪ್ಪು ತಿಳುವಳಿಕೆ ಆಗುತ್ತೆ. ಅಂಥಾದ್ದು ಆಗಿದೆ. ಬೇಜಾರಾಗುತ್ತೆ ನಮಗೂ…”

“ನಾವು ಅಂದ್ರೆ ಯಾರು?”

“ಅಂದ್ರೆ… ಕಾಲೇಜು ಕೋಣೆ.”

“ಕೋಣೆಗೆ ಕೈ ಇದ್ಯಾ, ಟೈಪ್ ಮಾಡೋಕೆ?” ರೋಂಡಾ ಎದೆಯ ಮೇಲೆ ಕೈ ಕಟ್ಟಿಕೊಂಡಳು. “ನನ್ ಮಗಳು ಇಂಥದ್ದೆಲ್ಲ ತಾನಾಗಿ ಬರಿಯೋಳಲ್ಲ. ಕೇಳಿದ್ರೆ ನಾನೇ ಬರ್ದೆ ಅಂತಾಳೆ. ಸುಳ್ಳು ಹೇಳೋವಾಗ ಅವಳು ಮೇಜು ನೋಡ್ತಾಳೆ. ಮಿಸೆಸ್ ಹೌತಲ, ನಾನು ವಾರಕ್ಕೆರಡು ಸಲ ಚರ್ಚಿನ ನೆಲಮಾಳಿಗೇಲಿ ಕುಡಿತ ಬಿಟ್ಟೋರ ಸಭೆಗೆ ಹೋಗ್ತೀನಿ. ಎದ್ದು ನಿಂತು ‘ನಾನು ರೋಂಡಾ, ನಾನು ಕುಡುಕಿ’ ಅಂತೀನಿ. ‘ಆಗಿದ್ದೆ’ ಅನ್ನೋ ಹಾಗಿಲ್ಲ ಅಲ್ಲಿ. ನಲವತ್ತು ವರ್ಷ ಬಿಟ್ಟೋರೂ ‘ಕುಡುಕ’ ಅಂತಾನೇ ಹೇಳ್ಕೋಬೇಕು. ಅದು ನಾನು ಏನು ಅನ್ನೋ ಮಾತು, ಅದಕ್ಕೆ ‘ಈಗ’ ಬೇಕು. ಆದ್ರೆ ಮಾಡಿದ್ದು ಹೇಳೋವಾಗ ಯಾರೂ ‘ಮಾಡ್ತೀನಿ’ ಅನ್ನಲ್ಲ. ಮಕ್ಕಳನ್ನ ಕಾರಲ್ಲಿ ಕೂರಿಸ್ಕೊಂಡು ಕುಡ್ದೆ. ಕುಡ್ದೆ. ಅದನ್ನ ಹಂಗೆ ಹೇಳೋಕೆ ನಂಗೆ ಏಳು ತಿಂಗಳು ಹಿಡೀತು. ನೀವು ಅದನ್ನ ಒಂದು ಮಧ್ಯಾಹ್ನದಲ್ಲಿ ಅಳಿಸಿ ‘ಕುಡೀತಾಳೆ’ ಮಾಡಿದ್ರಿ. ಮಾಡಿದ್ದು ನೀವೇ ತಾನೇ?”

ಮಾರ್ಲಿಸಳ ಕೈಯಲ್ಲಿ ತಟ್ಟೆ ಭಾರವಾಯಿತು. ಇಡುವುದಕ್ಕೆ ಎಲ್ಲೂ ಜಾಗವಿರಲಿಲ್ಲ.

“ನಾನೇ ತಿದ್ದಿದೆ,” ಎಂದಳು. “ಎಂಟನೇ ತರಗತಿ ಅನ್ನೋದನ್ನ ನಾನೇ ತೆಗ್ದೆ. ನೀನು ಬಿಟ್ಟಿದೀಯ ಅನ್ನೋ ಪ್ಯಾರಾನೂ ನಾನೇ ತೆಗ್ದೆ. ಸಭೇಲಿ ಕೇಳಿದಾಗ ಸುಮ್ನಿದ್ದೆ. ಅವಳು ತನ್ ಮೇಲೆ ಹಾಕ್ಕೊಂಡಾಗ್ಲೂ ಸುಮ್ನಿದ್ದೆ.”

“ಆ ಪ್ಯಾರಾ ಯಾಕೆ ತೆಗೆದ್ರಿ?”

“ಪದ ಜಾಸ್ತಿ ಆಗಿತ್ತು.”

ರೋಂಡಾ ಅವಳನ್ನೇ ನೋಡುತ್ತ ನಿಂತಳು. ಹದಿನಾರರಲ್ಲಿ ಹಾಜರಿ ಕಿಟಕಿಯ ಮುಂದೆ ನಿಂತು ಏನೇನೋ ನೆಪ ಹೇಳಿದವಳು ಅವಳು, ನೆಪ ಅನ್ನುವುದು ಹೇಗಿರುತ್ತದೆ ಎಂದು ಬಲ್ಲವಳು. ಆಗ ಮಾರ್ಲಿಸ್ ಹೀಗೆಯೇ ಅವಳನ್ನು ನೋಡುತ್ತ ಕೂತಿರುತ್ತಿದ್ದಳು.

“ನಂಬ್ಲಿಲ್ಲ,” ಎಂದಳು ಮಾರ್ಲಿಸ್ ಕೊನೆಗೆ. “ನೀನು ಬಿಟ್ಟಿದೀಯ ಅಂತ ನಾನು ನಂಬ್ಲಿಲ್ಲ. ಯಾರನ್ನೂ ಕೇಳ್ಲೂ ಇಲ್ಲ.” ಕಾಲವನ್ನು ತಿದ್ದುವ ಮೊದಲೇ ಈ ಹೆಂಗಸು ಇನ್ನೂ ಕುಡಿಯುತ್ತಾಳೆ ಎಂದೇ ಮನಸ್ಸಿನಲ್ಲಿ ಬರೆದಿಟ್ಟಿದ್ದೆ ಎನ್ನುವುದು ಅವಳಿಗೆ ಆ ಹಿಂಬಾಗಿಲಿನಲ್ಲಿ ನಿಚ್ಚಳವಾಯಿತು. ವ್ಯಾಕರಣದ ತಪ್ಪು ಎಂದುಕೊಂಡು ಬಂದಿದ್ದಳು. ಅಷ್ಟೇ ಆಗಿದ್ದರೆ ತಲೆಯೆತ್ತಿ ನಿಲ್ಲಬಹುದಿತ್ತು.

“ಸರಿ,” ಎಂದಳು ರೋಂಡಾ. ಧ್ವನಿಯಲ್ಲಿ ಸಿಟ್ಟೂ ಇರಲಿಲ್ಲ, ಕ್ಷಮೆಯೂ ಇರಲಿಲ್ಲ. “ಇದನ್ನೇ ಹೋಗಿ ಅಲ್ಲಿ ಹೇಳಿ. ಹಿಂಗೇ, ಇದೇ ಥರ. ‘ಸಾಮಾನ್ಯವಾಗಿ’ ಬೇಡ.” ಬಾಗಿಲು ತಳ್ಳಿ ಒಳಗೆ ಹೋದಳು. ಮತ್ತೆ ತಲೆ ಹೊರಗೆ ಹಾಕಿದಳು. “ಆ ತಟ್ಟೇನೂ ತಗೊಂಡ್ ಹೋಗಿ.”

ಸೋಮವಾರ ಮಾರ್ಲಿಸ್ ಹೇಳಿದಳು. ಪ್ರಿನ್ಸಿಪಾಲರ ಮುಂದೆ ಕಂಪ್ಯೂಟರು ತೆರೆದು, ಪ್ರಬಂಧದ ಹಿಂದಿನ ಪ್ರತಿಗಳನ್ನು ತೋರಿಸಿದಳು. ಯಾವ ದಿನ ಯಾರು ಏನು ಬದಲಿಸಿದರು ಎಂದು ಅದರಲ್ಲಿ ಬಣ್ಣ ಹಚ್ಚಿ ಇಟ್ಟಿರುತ್ತದೆ. ಟೆಸ್ಸಾಳ ಸಾಲುಗಳ ಮೇಲೆ ಮಾರ್ಲಿಸಳ ಹೆಸರಿನ ನೇರಳೆ ಬಣ್ಣ ಒಂದು ಪುಟ ಪೂರ್ತಿ ಹರಡಿಕೊಂಡಿತ್ತು. ವಿಲೆಟ್ ಬಹಳ ಹೊತ್ತು ನೋಡಿದಳು. “ಮೊನ್ನೆ ಇಲ್ಲೇ ಕೂತಿದ್ರಲ್ಲ ನೀವು,” ಎಂದಳು, ಅಷ್ಟೇ.

ಕೌಂಟಿಗೆ ಒಂದು ಹೇಳಿಕೆ ಬರೆದುಕೊಡಬೇಕಾಯಿತು. ಮೊದಲ ಸಲ ಬರೆದಾಗ ‘ಬದಲಾವಣೆಗಳನ್ನು ಮಾಡಲಾಗಿತ್ತು’ ಎಂದು ಬಂತು. ಹರಿದಳು. ಎರಡನೆಯ ಸಲ ‘ಸಲಹೆ ಕೊಡುವಾಗ’ ಎಂದು ಶುರುವಾಯಿತು. ಅದನ್ನೂ ಹರಿದಳು. ಮೂರನೆಯದು ಐದೇ ಸಾಲು. ತಿದ್ದಿದೆ, ತೆಗೆದೆ, ಕೇಳಲಿಲ್ಲ, ಸುಮ್ಮನಿದ್ದೆ. ದಿನಾಂಕ ಹಾಕಿ ಸಹಿ ಮಾಡಿದಳು.

ಕಾಲೇಜು ಕೋಣೆಯ ಬೀಗದ ಕೈಯನ್ನು ಆ ವಾರವೇ ವಾಪಸು ತೆಗೆದುಕೊಂಡರು. ಕೆಲಸದಿಂದ ತೆಗೆಯಲಿಲ್ಲ, ಹಾಜರಿ ಕಿಟಕಿಗೆ ಕಳಿಸಿದರು. ಗೋಡೆಯ ಮೇಲಿನ ಕಾರ್ಡನ್ನು ಅವಳು ಕೀಳಲು ಮರೆತಳು. ಆ ಕೋಣೆಗೆ ಬಂದ ಹೊಸಬ ಕಿತ್ತನೋ ಇಲ್ಲವೋ, ಆ ಕಡೆ ಹೋಗಿ ನೋಡುವ ಧೈರ್ಯವಾಗಲಿಲ್ಲ. ಕಾಫಿ ಕೋಣೆಯಲ್ಲಿ ಮೇಷ್ಟ್ರುಗಳು ಎಂದಿನಂತೆಯೇ ಮಾತಾಡಿಸಿದರು. ಅವಳು ಬಂದಾಗ ಮಾತ್ರ ಹವಾಮಾನದ ವಿಷಯ ಶುರುವಾಗುತ್ತಿತ್ತು.

ಟೆಸ್ಸಾ ಪ್ರಬಂಧವನ್ನು ತಾನೇ ಕೂತು ಮತ್ತೆ ಬರೆದಳು, ಅಕ್ಟೋಬರ್ ಮೂವತ್ತರಂದು ಕಳಿಸಿದಳು. ಮಾರ್ಲಿಸಳಿಗೆ ಅದನ್ನು ಹೇಳಿದ್ದು ಥೋರ್ಸನ್. “ಚೆನ್ನಾಗಿದೆ. ಘಟನೆ ಎಲ್ಲಾ ಭೂತಕಾಲದಲ್ಲೇ ಇದೆ. ಎಂಟನೇ ತರಗತಿ, ನವೆಂಬರ್, ಎಲ್ಲಾ ಸ್ಪಷ್ಟ. ಕೊನೇ ಪ್ಯಾರಾ ಮಾತ್ರ ಈಗಿಂದು. ಏನ್ ಗೊತ್ತಾ, ಆ ಒಂದೇ ಜಾಗದಲ್ಲಿ ‘ಈಗ’ ಬಂದಿದ್ದಕ್ಕೆ ಅದಕ್ಕೆ ತೂಕ ಬಂದಿದೆ.” ಅವನು ಚುಚ್ಚಬೇಕೆಂದು ಹೇಳಲಿಲ್ಲ. ಅವನಿಗೆ ಆ ಗುಣವಿಲ್ಲ.

ನವೆಂಬರ್ ಕೊನೆಯಲ್ಲಿ ಕೌಂಟಿಯಿಂದ ಪತ್ರ ಬಂತು, ವಿಚಾರಣೆ ಮುಗಿಸಿದ್ದೇವೆ, ಮುಂದೆ ಏನೂ ಇಲ್ಲ ಎಂದು. ವಿಲೆಟ್ ಹೇಳಿದಾಗ ಮಾರ್ಲಿಸ್ ಶೌಚಾಲಯಕ್ಕೆ ಹೋಗಿ ಅತ್ತಳು. ಒಂದು ತಿಂಗಳಿಂದ ಎದೆಯ ಮೇಲೆ ಕೂತಿದ್ದದ್ದು ಇಳಿದ ಹಾಗಾಯಿತು. ನಾಚಿಕೆ ಹೋಗಲಿಲ್ಲ, ಆದರೆ ಅದಕ್ಕೊಂದು ಕೊನೆ ಕಂಡ ಹಾಗಾಯಿತು.

ಅದೇ ವಾರ ರೋಂಡಾ ಹಾಜರಿ ಕಿಟಕಿಗೆ ಬಂದಳು. ಟೆಸ್ಸಾಳನ್ನು ಹಲ್ಲಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಬೇಕಿತ್ತು. ಮಾರ್ಲಿಸ್ ಪುಸ್ತಕ ಮುಂದೆ ಸರಿಸಿದಳು, ರೋಂಡಾ ಸಹಿ ಹಾಕಿದಳು. ಟೆಸ್ಸಾ ತರಗತಿಯಿಂದ ಬರುವವರೆಗೆ ಇಬ್ಬರೇ.

“ಪತ್ರ ಬಂತಂತೆ,” ಎಂದಳು ಮಾರ್ಲಿಸ್. “ಅಂತೂ ಎಲ್ಲಾ ಮುಗೀತಲ್ಲ ರೋಂಡಾ. ನಂಗೆ ಎಷ್ಟು ಸಮಾಧಾನ ಆಯ್ತು ಅಂದ್ರೆ…”

ರೋಂಡಾ ಪೆನ್ನನ್ನು ಪುಸ್ತಕದ ಮೇಲಿಟ್ಟಳು. “ಬೆಕ್ಕಾಗೆ ಆಗ ಆರು ವರ್ಷ. ಅವತ್ತು ಹಿಮದಲ್ಲಿ ನಡೆದದ್ದು ನೆನಪಿದೆ ಅವಳಿಗೆ. ಕಾರಲ್ಲಿ ಪೆಟ್ರೋಲ್ ಖಾಲಿ ಆಗಿತ್ತು ಅಂತ ಟೆಸ್ಸಾ ಹೇಳಿದ್ಲು, ಅದನ್ನೇ ನಂಬಿದ್ಲು. ದೊಡ್ಡೋಳಾದ್ಮೇಲೆ ನಾನೇ ಕೂತ್ಕೊಂಡು ಹೇಳೋಣ ಅಂತಿದ್ದೆ. ಹೇಗ್ ಹೇಳೋದು ಅಂತ ನಮ್ಮ ಸಭೇಲಿ ಎಷ್ಟೋ ಸಲ ಕೇಳಿದೀನಿ ಕೂಡ.” ಅವಳು ಕಾರಿಡಾರಿನ ಕಡೆ ನೋಡಿದಳು, ಮಗಳು ಇನ್ನೂ ಬಂದಿರಲಿಲ್ಲ. “ಶಾಲೇಲಿ ಆ ಹೆಂಗಸು ‘ಅಮ್ಮ ಕುಡೀತಾರಾ’ ಅಂತ ಕೇಳಿದ್ರಂತೆ. ಇಲ್ಲ ಅಂದ್ಲಂತೆ. ಅವತ್ತಿಂದ ದಿನಾ ಬೆಳಿಗ್ಗೆ ನಾನು ಆ ಕಡೆ ತಿರುಗಿದಾಗ ನನ್ ಕಾಫಿ ಕಪ್ಪು ಎತ್ತಿ ಮೂಸ್ತಾಳೆ. ನಾನು ನೋಡ್ಲಿಲ್ಲ ಅಂದ್ಕೊಂಡಿದಾಳೆ. ಇವತ್ತೂ ಮೂಸಿದ್ಲು.”

ಟೆಸ್ಸಾ ಬಂದಳು, ಹೆಗಲ ಮೇಲೆ ಚೀಲ. ಕಿಟಕಿಯ ಕಡೆ ನೋಡಿ ತಲೆಯಾಡಿಸಿದಳು. ಮರ್ಯಾದೆಗೆ, ಅಷ್ಟೇ. ತಾಯಿ ಮಗಳು ಬಾಗಿಲು ದಾಟಿ ಹೋದರು. ಮಾರ್ಲಿಸ್ ಪುಸ್ತಕವನ್ನು ತನ್ನ ಕಡೆ ಎಳೆದುಕೊಂಡು, ಹೊರಟ ಸಮಯವನ್ನು ರೋಂಡಾಳ ಸಹಿಯ ಪಕ್ಕ ಬರೆಯಲು ಹೋದಳು. ಗಡಿಯಾರ ಎದುರಿಗೇ ಇತ್ತು, ಎರಡು ಸಲ ನೋಡಿದರೂ ಎಷ್ಟು ಗಂಟೆ ಎಂದು ತಿಳಿಯಲಿಲ್ಲ.